ಕತ್ತರಿ ಬೀಳದ ಬಯಲು

ಸಿನಿಮಾಕ್ಕಿಂತ ಹೆಚ್ಚಾಗಿ ನಾನು ನೋಡಿದ್ದು ಸಿನಿಮಾ ನೋಡುವವರ ಮುಖಗಳನ್ನು. ಬಳ್ಳಾರಿಯ ಒಂದು ಟಾಕೀಸಿನಲ್ಲಿ ಹೆಂಗಸರ ಕಡೆಯ ಬಾಗಿಲು ಕಾಯುತ್ತಿದ್ದೆ. ಟಿಕೀಟು ಹರಿದು ಅರ್ಧ ಕೈಗೆ ಕೊಟ್ಟು ಒಳಗೆ ಬಿಡುವುದು, ಆಮೇಲೆ ಪರದೆಯ ಪಕ್ಕದ ಬಾಗಿಲಿಗೆ ಬೆನ್ನು ಹಚ್ಚಿ ನಿಲ್ಲುವುದು. ಅಲ್ಲಿ ನಿಂತರೆ ಪರದೆ ಓರೆಯಾಗಿ ಕಾಣುತ್ತದೆ, ಮುಖಗಳು ನೇರ ಕಾಣುತ್ತವೆ. ಮೇಲೆ ಕ್ಯಾಬಿನ್ನಿನಲ್ಲಿ ಮಷಿನ್ ಓಡಿಸುವ ಆಪರೇಟರು ನನ್ನ ಗಂಡ. ನಾನು ಎರಡನೇ ಕ್ಲಾಸಿಗೇ ಸಾಲೆ ಬಿಟ್ಟವಳು. ಮುಂದಿನ ಅಕ್ಷರ ಪೋಸ್ಟರುಗಳಿಂದ ಬಂದವು. ಬಂದಷ್ಟು ಬರೆಯುತ್ತೇನೆ.

ಆಗ ಬರುತ್ತಿದ್ದ ಯುದ್ಧದ ಸಿನಿಮಾಗಳು ತುಂಡು ತುಂಡು. ನಮ್ಮ ಸಿಪಾಯಿಯ ಮುಖ ಒಂದು ತುಂಡು. ವೈರಿಯ ಬಂದೂಕು ಒಂದು ತುಂಡು. ಬೆರಳು ಬಂದೂಕಿನ ಕುದುರೆ ಎಳೆಯುವುದು ಇನ್ನೊಂದು. ಸಿಪಾಯಿ ಎದೆ ಹಿಡಿದುಕೊಂಡು ಬೀಳುವುದು ಮತ್ತೊಂದು. ಆಮೇಲೆ ಊರಲ್ಲಿ ತಾಯಿಯ ಮನೆ, ದೇವರ ಮುಂದಿನ ದೀಪ ಆರುತ್ತದೆ, ತಾಯಿ ಕಿರುಚುತ್ತಾಳೆ. ತುಂಡು ಬದಲಾದಾಗೆಲ್ಲ ಜನ ರೆಪ್ಪೆ ಬಡಿಯುತ್ತಿದ್ದರು, ಕೂಸನ್ನು ಈ ತೊಡೆಯಿಂದ ಆ ತೊಡೆಗೆ ಹಾಕಿಕೊಳ್ಳುತ್ತಿದ್ದರು, ಶೇಂಗಾ ಸಿಪ್ಪೆ ಉಗುಳುತ್ತಿದ್ದರು. ಯಾರಿಗೂ ಭಯ ಇರಲಿಲ್ಲ. ಯಾಕೆ ಇರಬೇಕು? ವೈರಿ ಎಲ್ಲಿ ಕೂತಿದ್ದಾನೆ ಎಂದು ಸಿಪಾಯಿಗೆ ಗೊತ್ತಿಲ್ಲದಿದ್ದರೂ ಶೇಂಗಾ ತಿನ್ನುವವಳಿಗೆ ಗೊತ್ತಿರುತ್ತಿತ್ತು.

ನನ್ನ ಮೈದುನ ಮಿಲಿಟರಿಗೆ ಸೇರಿದ್ದ. ಎಪ್ಪತ್ತೊಂದರ ಯುದ್ಧ ಮುಗಿದ ಮೇಲೆ ಸುದ್ದಿ ಬಂತು: ಪತ್ತೆ ಇಲ್ಲ. ಸತ್ತ ಅಂತ ಇಲ್ಲ, ಸಿಕ್ಕ ಅಂತಲೂ ಇಲ್ಲ. ನಮ್ಮಲ್ಲಿ ಹೂಳುತ್ತಾರೆ. ಹೂಳಲು ಹೆಣ ಬೇಕು. ಅದೂ ಇಲ್ಲ.

ಅವನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಸಿರುಗುಪ್ಪದ ಹುಡುಗಿ. ಮದುವೆಯಾಗಿ ಒಂದು ರಜೆಯಷ್ಟು ದಿನ ಗಂಡನ ಜೊತೆ ಬಾಳಿದ್ದಳು. ಆಮೇಲೆ ಕುರುಗೋಡಿನಲ್ಲಿ ನಮ್ಮ ಅತ್ತೆಯ ಜೊತೆ ಉಳಿದಳು. ಅವಳ ತವರಿನವರು ಉಡಿಕೆ ಮಾಡಲು ತಯಾರಿದ್ದರು. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಇನ್ನೊಬ್ಬನ ಮನೆಗೆ ಕಳಿಸುವುದು ನಮ್ಮಲ್ಲಿ ಮೊದಲಿನಿಂದ ಇದೆ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ಒಬ್ಬ, ಹೆಂಡತಿ ತೀರಿದವನು, ಒಪ್ಪಿ ಕಾದಿದ್ದ. ಹುಡುಗಿಗೂ ಮನಸ್ಸಿತ್ತು. ಗಂಡ ಸತ್ತ ಎಂದೇ ಅವಳು ತಿಳಿದಿದ್ದಳು. ಅತ್ತಿದ್ದಳು, ಅಳುವುದು ಮುಗಿದಿತ್ತು. ಆದರೆ ಅತ್ತೆ ಹೂಂ ಅನ್ನದೆ ಉಡಿಕೆ ಇಲ್ಲ. ಅತ್ತೆಯದು ಒಂದೇ ಮಾತು.

"ದೀಪ ಆರಿಲ್ಲ. ನನ್ನ ಮಗ ಸತ್ತಿದ್ರ ದೇವರ ಜಗಲಿ ಮ್ಯಾಲಿನ ದೀಪ ಆರಿರತಿತ್ತು."

"ಅದು ಸಿನಿಮಾದಾಗಿನ ಮಾತು ಅತ್ತಿ," ಅಂದೆ ನಾನು.

"ಸಿನಿಮಾದವ್ರಿಗೆ ತಲಿ ಕೆಟ್ಟೈತೇನು, ಎಲ್ಲಾ ಸಿನಿಮಾದಾಗೂ ಅದನ್ನ ತೋರ್ಸಾಕ?"

ಯುದ್ಧದ ಸಿನಿಮಾ ಬಂದರೆ ಸಾಕು, ಅತ್ತೆ ನೆಗೆಣ್ಣಿಯನ್ನೂ ಕರೆದುಕೊಂಡು ಕುರುಗೋಡಿನ ಬಸ್ಸು ಹಿಡಿದು ಬರುತ್ತಿದ್ದಳು. ಹೀರೋನ ಕಡೆ ನೋಡುತ್ತಿರಲಿಲ್ಲ. ಅವನ ಹಿಂದೆ ನಡೆಯುವ ಸಿಪಾಯಿಗಳ ಮುಖಗಳನ್ನು ಒಂದೊಂದಾಗಿ ಹುಡುಕುತ್ತಿದ್ದಳು. ಅದು ನಟನೆ ಎಂದು ಗೊತ್ತಿತ್ತು. ಆದರೂ ಹಿಂದೆ ನಿಲ್ಲಿಸಲು ಅಷ್ಟು ಜನರನ್ನು ಎಲ್ಲಿಂದ ತರುತ್ತಾರೆ, ನಿಜವಾದ ಸಿಪಾಯಿಗಳೇ ಇರಬೇಕು ಎಂದು ಅವಳ ಲೆಕ್ಕ. ಹೊರಗೆ ಬಂದು ಬೈಯುತ್ತಿದ್ದಳು. "ಮುಖ ನೋಡೂದ್ರಾಗ ತಗದುಬಿಡ್ತಾರ. ಹಾಟ್ಯಾಗಳು, ಒಂದೀಟ ನಿಂದ್ರಸ್ಬಾರ್ದೇನು?"

ಯುದ್ಧ ಮುಗಿದು ಎರಡು ಮೂರು ಬೇಸಿಗೆ ಕಳೆದ ಮೇಲೆ ಪರದೇಶದ ಒಂದು ಚಿತ್ರ ಬಂತು, ಬೆಳಗಿನ ಆಟಕ್ಕೆ. ಕಪ್ಪು ಬಿಳುಪು. ಮಾತು ಯಾರಿಗೂ ತಿಳಿಯದು, ಹಾಡು ಇಲ್ಲ. ಮೊದಲ ದಿನ ಬಾಗಿಲಿಗೆ ಬೆನ್ನು ಹಚ್ಚಿ ನಿಂತವಳಿಗೆ ನಡುವೆ ಎಲ್ಲೋ ಒಂದು ಸಂಗತಿ ಕಂಡಿತು. ಶೇಂಗಾ ಸದ್ದು ನಿಂತಿತು. ಒಬ್ಬಳು ಬಾಯಿಗೆ ಒಯ್ದ ಎಲೆ ಅಡಿಕೆಯನ್ನು ಬಾಯಿಯ ಮುಂದೇ ಹಿಡಿದು ಕೂತಿದ್ದಳು. ಯಾರೂ ರೆಪ್ಪೆ ಬಡಿಯುತ್ತಿಲ್ಲ. ಕಣ್ಣಲ್ಲಿ ನೀರು, ಅಳುವಿನ ನೀರಲ್ಲ, ತೆರೆದೇ ಇಟ್ಟದ್ದಕ್ಕೆ ಬಂದ ನೀರು. ಆಮೇಲೆ ಒಂದು ಹೊತ್ತಿನಲ್ಲಿ ಎಲ್ಲರ ಕುತ್ತಿಗೆಯೂ ಒಟ್ಟಿಗೆ ಬಲಕ್ಕೆ ವಾಲಿತು. ಬಾವಿಯಲ್ಲಿ ಬಿದ್ದ ಕೊಡ ನೋಡುವವರ ಹಾಗೆ. ನಾನೂ ತಿರುಗಿ ಪರದೆ ನೋಡಿದೆ. ಬಲಗಡೆ ಏನೂ ಇರಲಿಲ್ಲ.

ಮರುದಿನ ಆಟಕ್ಕೆ ಮೊದಲಿನಿಂದ ಪರದೆಯನ್ನೇ ನೋಡಿದೆ. ಅದು ಹೀಗಿತ್ತು.

ನೆಲದಲ್ಲಿ ತೋಡಿದ ಉದ್ದನೆಯ ಕಾಲುವೆಯಂಥ ಗುಂಡಿ. ಅದರಲ್ಲಿ ಒಬ್ಬ ಸಿಪಾಯಿ ನಡೆಯುತ್ತಾನೆ, ನಾವು ಅವನ ಬೆನ್ನ ಹಿಂದೆ. ಅವನ ಜೊತೆ ಒಬ್ಬ ಎತ್ತರದ ಗೆಳೆಯ, ಶೂ ಎಳೆದುಕೊಂಡು ನಡೆಯುವವನು. ಇಬ್ಬರೂ ಗುಂಡಿ ಹತ್ತಿ ಬಯಲಿಗೆ ಬರುತ್ತಾರೆ. ನಾವೂ ಹತ್ತುತ್ತೇವೆ. ಬಯಲು ದಾಟಬೇಕು. ಹೊಗೆ. ದೂರದಲ್ಲಿ ಇನ್ನೊಂದು ಗುಂಡಿ. ಗುಂಡು ಎಲ್ಲಿಂದ ಬರುತ್ತದೆ, ತೋರಿಸುವುದಿಲ್ಲ. ವೈರಿಯ ಮುಖ ಒಂದು ಸಲವೂ ಬರುವುದಿಲ್ಲ. ಗೆಳೆಯ ಬಲಗಡೆ ಒಂದು ಹೆಜ್ಜೆ ಹಿಂದೆ, ಅರ್ಧ ಪರದೆಯೊಳಗೆ, ಅರ್ಧ ಹೊರಗೆ. ಒಂದು ಕಡೆ ಅವನು ಬಗ್ಗುತ್ತಾನೆ, ಏನೋ ಬಿದ್ದದ್ದನ್ನು ಎತ್ತಿಕೊಳ್ಳುವವನಂತೆ. ಕ್ಯಾಮರಾ ನಿಲ್ಲುವುದಿಲ್ಲ, ತಿರುಗುವುದಿಲ್ಲ. ಮೊದಲಿನವನ ಜೊತೆ ಹೋಗುತ್ತಲೇ ಇರುತ್ತದೆ. ಗೆಳೆಯ ಪರದೆಯ ಅಂಚಿನಿಂದ ಜಾರಿ ಹೊರಗಾಗುತ್ತಾನೆ. ಅಷ್ಟೆ. ಆಮೇಲೂ ಉಳಿದ ಬಯಲನ್ನೆಲ್ಲ ದಾಟಲೇಬೇಕು, ಒಂದು ಹೆಜ್ಜೆಯೂ ಬಿಡದೆ. ಅಷ್ಟು ಹೊತ್ತೂ ಜನ ಬಲದ ಅಂಚನ್ನು ನೋಡುತ್ತಾರೆ, ಈಗ ಬಂದಾನು, ಈಗ ಬಂದಾನು ಅಂತ. ಆ ಕಡೆಯ ಗುಂಡಿಗೆ ಇಳಿದು ಸಿಪಾಯಿ ಪಕ್ಕಕ್ಕೆ ತಿರುಗಿ ನೋಡುತ್ತಾನೆ. ಆಗ ಚಿತ್ರ ಬದಲಾಗುತ್ತದೆ. ಹೆಂಗಸರ ಕಡೆಯಿಂದ ಒಂದೇ ಉಸಿರು ಹೊರಬಿತ್ತು, ಎಲ್ಲರದೂ ಕೂಡಿ.

ನನ್ನ ಗಂಡ ಮದುವೆಗೆ ಮುಂಚೆ ಮದ್ರಾಸಿನ ಸ್ಟುಡಿಯೋದಲ್ಲಿ ಕ್ಯಾಮರಾ ಕೂರಿಸುವ ಟ್ರಾಲಿ ತಳ್ಳಿದವನು. ಊಟದ ಬುತ್ತಿ ಕೊಡಲು ಕ್ಯಾಬಿನ್ನಿಗೆ ಹೋದಾಗ ಕೇಳಿದೆ.

"ಏನ್ರಿ ಅದು? ಜನ ಉಸ್ರು ಬಿಡವಲ್ರು."

"ಅದರಾಗ ಕತ್ತರಿ ಇಲ್ಲ, ಅದಕ್ಕ," ಅಂದ. "ಒಂದ ಶಾಟ್. ಕ್ಯಾಮರಾ ಚಾಲೂ ಮಾಡಿದ್ರ ಆ ಗುಂಡಿ ಮುಟ್ಟೂತನ ಬಂದ್ ಮಾಡಂಗಿಲ್ಲ. ಕತ್ತರಿಸಿದ್ರ ನೋಡಾವನಿಗೆ ಬಿಡುವು ಸಿಗತೈತಿ. ಆ ಬಿಡುವಿನಾಗ ಅವನಿಗೆ ನೆಪ್ಪಾಗತೈತಿ, ನಾ ಕುರ್ಚಿ ಮ್ಯಾಲೆ ಕುಂತೀನಿ, ಇದು ಸಿನಿಮಾ ಅಂತ. ಇಲ್ಲಿ ಆ ಬಿಡುವ ಇಲ್ಲ."

"ಹಂಗಂದ್ರ ಇದು ಖರೇ ಯುದ್ಧ ಏನು?"

"ಖರೇ ಎಲ್ಲೀದು! ಇದು ಎಲ್ಲಾದಕ್ಕಿಂತ ದೊಡ್ಡ ಸುಳ್ಳು. ಯಾವ ಬಾಂಬು ಎಲ್ಲಿ ಹಾರಬೇಕು, ಯಾವ ಮನಿಷ್ಯಾ ಎಷ್ಟು ಹೆಜ್ಜಿ ಇಟ್ಟು ಬೀಳಬೇಕು, ಎಲ್ಲಾ ಮೊದ್ಲ ನೆಲದ ಮ್ಯಾಲೆ ಗುರುತು ಹಾಕಿರತಾರ. ದಿನಗಟ್ಟಲೆ ಪ್ರಾಕ್ಟೀಸ್. ಕಡೀಗೆ ಒಬ್ಬಾವ ಎಡವಿದ್ರ ಮತ್ತ ಮೊದಲಿಂದ, ಬಾಂಬು ಹುಗಿಯೋದರಿಂದ. ನಾ ಟ್ರಾಲಿ ದೂಡಿ ದೂಡಿ ರಟ್ಟಿ ಬಿದ್ದೋಗ್ತಿದ್ವು."

ಆಮೇಲೆ ಇನ್ನೊಂದು ಹೇಳಿದ. ಕ್ಯಾಮರಾದ ಡಬ್ಬಿಯಲ್ಲಿ ಹತ್ತು ನಿಮಿಷಕ್ಕಾಗುವಷ್ಟೇ ಫಿಲ್ಮು ಹಿಡಿಯುತ್ತದಂತೆ. ಅದಕ್ಕಿಂತ ಉದ್ದ ಬೇಕಾದರೆ ಎಲ್ಲೋ ಕಳ್ಳತನದಿಂದ ಸೇರಿಸಬೇಕು. "ಗುಂಡಿಯಾಗ ಅವನ ಬೆನ್ನು ಅಡ್ಡ ಬಂದು ಪರದೆ ಪೂರಾ ಕಪ್ಪಾತಲ್ಲ, ಅಲ್ಲೇ ಸೇರ್ಸ್ಯಾರ. ಆ ಕಪ್ಪಿಂದ ಈ ಕಪ್ಪಿಗೆ."

"ಮತ್ತ ವೈರೀನ್ನ ಯಾಕ ತೋರ್ಸಂಗಿಲ್ಲ?"

"ತೋರ್ಸಬೇಕಂದ್ರ ಕತ್ತರಿಸಿ ಆ ಕಡಿ ಹೋಗಬೇಕು. ಸಿಪಾಯಿ ಹೋಗಾಕ ಆಗತೈತೇನು? ಅವಗ ಕಂಡಷ್ಟ ನಿನಗ ಕಾಣಬೇಕು. ಅವ ನಡದಷ್ಟು ಹೊತ್ತು ನೀನೂ ನಡೀಬೇಕು. ಬಯಲು ಎಷ್ಟು ಉದ್ದ ಅಂತ ಕಾಲಿಗೆ ಗೊತ್ತಾಗಬೇಕು ಲೇ, ಕಣ್ಣಿಗಲ್ಲ. ಅದಕ್ಕ ಪರದೇಶದ ಯುದ್ಧದ ಸಿನಿಮಾದವರು ಇದನ್ನ ಇಟ್ಕಂತಾರ."

ನಾನು ಅಲ್ಲೇ ಅಂದೆ, ಅತ್ತೆಗೆ ಇದನ್ನು ತೋರಿಸಬೇಕು. ಇದರಲ್ಲಿ ತಾಯಿಯ ಮನೆ ಬರುವುದಿಲ್ಲ, ದೀಪ ಬರುವುದಿಲ್ಲ. ಸಾಯುವವನು ಸಾಯುತ್ತಾನೆ, ಎಲ್ಲೂ ಯಾವ ಗುರುತೂ ಆಗುವುದಿಲ್ಲ. ನೋಡಿದರೆ ಅವಳಿಗೆ ತಿಳಿದೀತು, ಹುಡುಗಿಗೆ ದಾರಿ ಆದೀತು. ನನ್ನ ಗಂಡನ ಮುಖ ಗಂಟಾಯಿತು.

"ನಮ್ಮವ್ವ ಸತ್ತೋಗ್ತಾಳ."

"ಸಾಯಂಗಿಲ್ಲ. ಆ ಹುಡುಗಿ ಬದುಕಿದ್ದೂ ಸತ್ತಾಳ, ಅದನ್ನ ನೋಡ್ರಿ."

ಕುರುಗೋಡಿಗೆ ಹೋಗುವವರ ಕೈಯಲ್ಲಿ ಹೇಳಿ ಕಳಿಸಿದೆ. ಮರುದಿನ ಅತ್ತೆಯೂ ನೆಗೆಣ್ಣಿಯೂ ಬಂದರು. ಅತ್ತೆ ನನ್ನ ಸೆರಗು ಜಗ್ಗಿ ಕೇಳಿದಳು, "ಇದರಾಗ ಮುಖ ನಿಂದರ್ತಾವೇನ?"

"ನಿಂದರ್ತಾವ. ಬೇಕಾದಷ್ಟು ನೋಡು."

ಅವಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದೆ. ಅವಳಿಗೆ ಈ ಸಿನಿಮಾ ಹಬ್ಬವಾಯಿತು. ಬೇರೆ ಚಿತ್ರಗಳು ಇಲ್ಲಿ ನೋಡು, ಅಲ್ಲಿ ನೋಡು ಎಂದು ಕಿವಿ ಹಿಂಡಿ ತೋರಿಸುತ್ತವೆ. ಈ ಶಾಟ್ ಯಾರಿಗೂ ಎಲ್ಲಿ ನೋಡಬೇಕೆಂದು ಹೇಳುವುದಿಲ್ಲ. ಕಣ್ಣು ತಾನೇ ಮೂಲೆ ಮೂಲೆ ತಡಕಾಡುತ್ತದೆ. ಅತ್ತೆ ಗುಂಡಿಯಲ್ಲಿ ಕೂತ ಒಬ್ಬೊಬ್ಬರನ್ನೂ ಪರೀಕ್ಷೆ ಮಾಡಿ ಬಿಟ್ಟಳು. ಗೆಳೆಯನ ಮೇಲೆ ಅವಳ ಕಣ್ಣು ನಿಂತಿತು. ಶೂ ಎಳೆದು ನಡೆಯುವುದು ನನ್ನ ಮೈದುನನ ನಡಿಗೆಯೇ. ನಾನು ಅದನ್ನು ಮೊದಲು ಗಮನಿಸಿರಲಿಲ್ಲ.

ಬಯಲಿನ ನಡುವೆ ಚಿತ್ರ ಹಾರಿತು. ಗೆಳೆಯ ಪಕ್ಕದಲ್ಲಿದ್ದವನು ಇದ್ದಕ್ಕಿದ್ದಂತೆ ಇಲ್ಲ. ಹೊಗೆ ಇಲ್ಲಿದ್ದದ್ದು ಅಲ್ಲಿ. ಕಣ್ಣಿಗೆ ಹೊಡೆತ ಬಿದ್ದು ಸ್ವಲ್ಪ ಹೊತ್ತಿಗೆ ಕಿವಿಗೆ ಟಕ್ ಎಂದು ಸದ್ದು. ಯಾಕೆಂದರೆ ಮಷಿನ್ನಿನಲ್ಲಿ ಚಿತ್ರ ತೋರುವ ಜಾಗ ಮೇಲೆ, ಧ್ವನಿ ಓದುವ ಜಾಗ ಕೆಳಗೆ. ಅಂಟಿಸಿದ ಗಂಟು ಮೊದಲು ಅಲ್ಲಿ ಹಾದು ಆಮೇಲೆ ಇಲ್ಲಿಗೆ ಬರುತ್ತದೆ. ಗಂಡಸರ ಕಡೆಯಿಂದ ಕೂಗು ಎದ್ದಿತು, "ಏ ಆಪರೇಟರ್, ನಿದ್ದಿ ಮಾಡ್ತಿಯೇನಲೇ!" ಮೇಲೆ ಕೂತವನು ತಾಯಿಗಾಗಿ ಆ ತುಂಡನ್ನು ಕತ್ತರಿಸಿಬಿಟ್ಟಿದ್ದ.

ಬೇರೆ ಸಿನಿಮಾ ಆಗಿದ್ದರೆ ದಕ್ಕುತ್ತಿತ್ತು. ಫಿಲ್ಮು ಹರಿಯುವುದು, ಹರಿದದ್ದನ್ನು ಕತ್ತರಿಸಿ ಅಂಟಿಸುವುದು ದಿನದ ಕೆಲಸ. ಕಂಪನಿಯವರು ಮಾಡಿದ ಜೋಡಣೆ ಮೂಲ ಫಿಲ್ಮಿನಲ್ಲಿ ಇರುತ್ತದೆ, ನಮಗೆ ಬರುವುದು ಅದರ ಪ್ರತಿ. ಹಾಗಾಗಿ ಬೆರಳಿಗೆ ಗಂಟು ಸಿಕ್ಕರೆ ಅದು ಯಾವನೋ ಆಪರೇಟರನದೇ. ಹೇಗೂ ತುಂಡು ತುಂಡಾದ ಚಿತ್ರದಲ್ಲಿ ಇನ್ನೊಂದು ತುಂಡು ಹೋದರೆ ಕಣ್ಣು ಕ್ಷಮಿಸುತ್ತದೆ, ಮುಂದಿನ ಶಾಟ್ ಬೇಗ ಬಂತು ಅಂದುಕೊಳ್ಳುತ್ತದೆ. ಈ ಬಯಲಲ್ಲಿ ಕ್ಷಮೆ ಇಲ್ಲ. ಅಲ್ಲಿವರೆಗೆ ಒಂದು ಹೆಜ್ಜೆಯನ್ನೂ ಬಿಡದೆ ನಡೆದ ಕಣ್ಣಿಗೆ ಬಿಟ್ಟ ಹೆಜ್ಜೆ ಚುಚ್ಚುತ್ತದೆ.

ಆಟ ಬಿಟ್ಟ ಮೇಲೆ ಅತ್ತೆ ಹೊರಗೆ ಹೋಗಲಿಲ್ಲ. ಕ್ಯಾಬಿನ್ನಿನ ಕಬ್ಬಿಣದ ಮೆಟ್ಟಿಲು ಹತ್ತಿದಳು. ನಾವಿಬ್ಬರೂ ಹಿಂದೆ.

"ಏನ್ ಕತ್ತರಿಸಿದೆಲೇ?" ಅಂದಳು ಮಗನಿಗೆ.

"ಹರಿದಿತ್ತವ್ವಾ."

"ಸುಳ್ಳ ಬೊಗಳಬ್ಯಾಡ. ಪಕ್ಕದಾಗ ಇದ್ದಾವ ಎಲ್ಲಿ ಹೋದ? ಅವನ ನಡಿಗಿ ನನ್ನ ಮಗನ ನಡಿಗಿ."

"ಅವ ಬಿಳೇ ತೊಗಲಿನವ ಯವ್ವಾ, ಪರದೇಶದಾವ!"

"ತೊಗಲು ತಗೊಂಡು ಏನ್ ಮಾಡ್ಲಿ? ಇಲ್ಲ ಅಂದ್ರ ಇಲ್ಲ ಆಗತೈತೇನು? ಸರ್ಕಾರದವರು ಇಲ್ಲ ಅಂತಾರ, ನೀನೂ ಇಲ್ಲ ಅಂತಿ. ಎಲ್ಲಾರೂ ಕೂಡಿ ಕತ್ತರಿಸಿ ಎಲ್ಲಿ ಇಟ್ಟೀರಿ? ತಗಿ ಹೊರಗ."

ನನ್ನ ಗಂಡ ಡಬ್ಬಿಯಿಂದ ತುಂಡು ತೆಗೆದ. ಎರಡು ಮಾರು ಇತ್ತು. ಓಡಿಸಿದರೆ ಎಲೆಗೆ ಸುಣ್ಣ ಹಚ್ಚುವಷ್ಟು ಹೊತ್ತೂ ಆಗುವುದಿಲ್ಲ. ಕಿಟಕಿಯ ಬಿಸಿಲಿಗೆ ಹಿಡಿದು ತೋರಿಸಿದ. ಅತ್ತೆಯ ಕಣ್ಣಿಗೆ ಪೊರೆ. ಅವಳಿಗೆ ಬರೀ ಕಪ್ಪು ಚೌಕಗಳ ಸಾಲು ಕಂಡಿತು. ನೆಗೆಣ್ಣಿ ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದಳು. ನಿಂತಿದ್ದಾನೆ, ನಿಂತಿದ್ದಾನೆ, ನಿಂತಿದ್ದಾನೆ, ಚೂರು ಬಗ್ಗಿದ್ದಾನೆ. ಹತ್ತು ಚೌಕ ನೋಡಿದರೂ ಅಷ್ಟೇ ಬಗ್ಗಿರುತ್ತಾನೆ. ಆಮೇಲೆ ತೋಳು ಮಾತ್ರ. ಆಮೇಲೆ ಇಲ್ಲ. ಯಾವ ಚೌಕದಲ್ಲಿ ಸತ್ತ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಅವಳು ಬೆರಳಿಟ್ಟು ಹುಡುಕುತ್ತಲೇ ಇದ್ದಳು. ನನ್ನ ಗಂಡ, "ಬೆರಳಚ್ಚು ಬೀಳತೈತಿ ತಂಗಿ," ಎಂದು ಕಿತ್ತುಕೊಂಡ.

"ಇದು ನನಗ ಕಾಣಂಗಿಲ್ಲ," ಅಂದಳು ಅತ್ತೆ. "ಪರದಿ ಮ್ಯಾಲೆ ಹಾಕು. ಅದನ್ನ ನೋಡಿದ್ಮ್ಯಾಲ ನೀವು ಹೇಳಿದಂಗ ಕೇಳ್ತೀನಿ."

ಆ ಮಧ್ಯಾಹ್ನವೇ ಅವನು ಅದನ್ನು ಮತ್ತೆ ಸೇರಿಸಿದ. ಹಳೆಯ ಗಂಟು ಬಿಚ್ಚಿ, ತುದಿಯ ಚೌಕವೊಂದನ್ನು ಎರಡೂ ಕಡೆ ಬಿಟ್ಟು, ಬ್ಲೇಡಿನಿಂದ ಮೇಲಿನ ಮಸಿ ಕೆರೆದು, ಅಂಚಿನ ತೂತಿಗೆ ತೂತು ಕೂರಿಸಿ, ಕುಂಚದಿಂದ ಅಂಟು ಹಚ್ಚಿ ಒತ್ತಿ ಹಿಡಿದ. ಕೊಳೆತ ಬಾಳೆಹಣ್ಣಿನಂಥ ವಾಸನೆ. ನನ್ನ ಕಡೆ ನೋಡಲಿಲ್ಲ.

ಮರುದಿನ ಬೆಳಗಿನ ಆಟ. ಅತ್ತೆ ಅದೇ ಬೆಂಚು, ಪಕ್ಕದಲ್ಲಿ ನೆಗೆಣ್ಣಿ. ನಾನು ಬಾಗಿಲಿಗೆ ಬೆನ್ನು ಹಚ್ಚಿ ಅವರಿಬ್ಬರ ಮುಖವನ್ನೇ ನೋಡಿದೆ. ಸೇರಿಸಿದ ಕಡೆ ಚಿತ್ರ ಚೂರು ಕುಲುಕುತ್ತದೆ. ಆ ಕುಲುಕೇ ಅತ್ತೆಗೆ ಹೇಳಿತು, ಇಲ್ಲಿಂದ ಶುರು ಎಂದು. ಅವಳು ಮುಂದಕ್ಕೆ ಬಗ್ಗಿದಳು. ಗೆಳೆಯ ಬಗ್ಗಿರಬೇಕು. ಅತ್ತೆಯ ಬಾಯಿ ತೆರೆಯಿತು. ಇನ್ನೊಂದು ಕುಲುಕು. ಕುತ್ತಿಗೆಗಳೆಲ್ಲ ಬಲಕ್ಕೆ ವಾಲಿದವು. ಅತ್ತೆಯದು ಕೂಡ. ಬಯಲು ಸಾಗುತ್ತಿತ್ತು. ಅತ್ತೆ ಕಾದಳು. ತಾಯಿಯ ಮನೆಗಾಗಿ ಕಾದಳು ಎಂದು ನನಗೆ ಗೊತ್ತು, ದೀಪಕ್ಕಾಗಿ. ಸಿಪಾಯಿ ನಡೆಯುತ್ತಲೇ ಇದ್ದ. ಎಲ್ಲೂ ಯಾರ ಮನೆಯೂ ಬರಲಿಲ್ಲ. ಅವಳ ಕುತ್ತಿಗೆ ನಿಧಾನಕ್ಕೆ ನೆಟ್ಟಗಾಯಿತು. ಸಿಪಾಯಿ ಆ ಕಡೆಯ ಗುಂಡಿ ಮುಟ್ಟುವ ಮೊದಲೇ ಎದ್ದು ಹೊರಗೆ ಬಂದಳು.

ಹೊರಗೆ ನಳದ ಕಟ್ಟೆಯ ಮೇಲೆ ಕೂತು ಕಾಲಿಗೆ ನೀರು ಹಾಕಿಕೊಂಡಳು.

"ಯಾರೂ ತಿರುಗಿ ನೋಡ್ಲಿಲ್ಲ," ಅಂದಳು. "ಪಕ್ಕದಾಗ ಇದ್ದಾವಗ ಗೊತ್ತಾಗ್ಲಿಲ್ಲ ಅಂದ್ರ ಕುರುಗೋಡಿನ ದೀಪಕ್ಕ ಯಾರು ಹೋಗಿ ಹೇಳ್ತಾರ? ಸತ್ತಾನ. ನನ್ನ ಮಗ ಸತ್ತಾನ." ಅಳಲಿಲ್ಲ. ಸೆರಗಿನಿಂದ ಕಾಲು ಒರೆಸಿಕೊಂಡು, "ಸಿರುಗುಪ್ಪಕ್ಕ ಹೇಳಿ ಕಳಸು. ಉಡಿಕಿ ಮಾಡ್ರಿ. ನಾ ಅಡ್ಡ ಬರಂಗಿಲ್ಲ," ಅಂದಳು.

ನನ್ನ ಕೆಲಸ ಆಯಿತು ಅಂದುಕೊಂಡೆ. ಒಳಗೆ ಹೋಗಿ ನೋಡಿದರೆ ಚಿತ್ರ ಬೇರೆ ಎಲ್ಲಿಗೋ ಹೋಗಿತ್ತು. ಪರದೆಯ ಮೇಲೆ ಯಾವುದೋ ಊಟದ ಮೇಜು. ಜನ ಶೇಂಗಾ ಬಿಡಿಸುತ್ತಿದ್ದರು. ನೆಗೆಣ್ಣಿ ಒಬ್ಬಳು ಮಾತ್ರ ಇನ್ನೂ ಬಲದ ಅಂಚನ್ನೇ ನೋಡುತ್ತಿದ್ದಳು.

"ಏಳು, ಅತ್ತಿ ಹೂಂ ಅಂದಾಳ."

ಅವಳು ಎದ್ದು ಬಂದಳು. ಬಸ್ಸು ಹತ್ತುವಾಗ ಕೇಳಿದಳು. "ಅಕ್ಕಾ, ಅವ ಬಗ್ಗಿದ. ಬಿದ್ದದ್ದು ಯಾರು ಕಂಡ್ರು?"

"ಬಗ್ಗಿದಾವ ಮತ್ತ ಎದ್ದನೇನು?"

"ಕ್ಯಾಮರಾ ಮುಂದ ಹೋತು. ಎದ್ರೂ ನಮಗ ಕಾಣತಿರ್ಲಿಲ್ಲ."

ನನಗೆ ಸಿಟ್ಟು ಬಂತು. ಅದು ನಟನೆ, ಕ್ಯಾಮರಾ ದಾಟಿದ ಮೇಲೆ ಆ ಮನುಷ್ಯ ಎದ್ದು ಮಣ್ಣು ಝಾಡಿಸಿ ಚಾ ಕುಡಿಯಲು ಹೋಗಿರುತ್ತಾನೆ ಎಂದು ಬೈದೆ. ಅವಳು ನನ್ನ ಮುಖ ನೋಡಿದಳು.

"ನೀನ ಅಂತಿ ನೋಡು, ಎದ್ದು ಹೋಗಿರ್ತಾನ ಅಂತ."

ಮುಂದಿನ ತಿಂಗಳು ತವರಿನವರು ಹೊಸ ಸೀರೆ ತಂದರು. ಅವಳು ಮುಟ್ಟಲಿಲ್ಲ. ಅತ್ತೆ ಬೈದಳು, ನಾನು ಬೈದೆ, ಅವಳ ತಾಯಿ ಕಾಲಿಗೆ ಬಿದ್ದಳು. ಮೊದಲಿನ ಸಿನಿಮಾಗಳು ಅವಳ ಗಂಡನ ಸಾವನ್ನು ಒಂದು ತುಂಡಿನಲ್ಲಿ ಮುಗಿಸಿ ಕೊಟ್ಟಿದ್ದವು. ಎದೆ ಹಿಡಿದ, ಬಿದ್ದ, ಆಯಿತು, ಮುಂದೆ. ಈ ಒಂದು ಶಾಟ್ ಅದನ್ನು ಮುಗಿಸಲಿಲ್ಲ. ಪರದೆಯ ಅಂಚಿನ ಆಚೆಗೆ ಇಟ್ಟು ಹೋಯಿತು. ತಾಯಿಗೆ ಸಾವು ತೋರಿಸಿದ ಬಯಲೇ ಹೆಂಡತಿಗೆ ಸಾವನ್ನು ಕಿತ್ತುಕೊಂಡಿತು. ಎರಡನೆಯದು ನನ್ನ ತಲೆಗೆ ಹೊಳೆದಿರಲಿಲ್ಲ. ಗಿರಣಿಯವನು ಒಂದು ವರ್ಷ ಕಾದ. ಆಮೇಲೆ ಬೇರೆ ಉಡಿಕೆ ಮಾಡಿಕೊಂಡ. ಅವನ ತಪ್ಪೇನಿಲ್ಲ.

ಆ ಚಿತ್ರದ ಡಬ್ಬಿ ನಾಲ್ಕು ದಿನಕ್ಕೆ ಮುಂದಿನ ಊರಿಗೆ ಹೋಗಿತ್ತು. ಅಲ್ಲಿನ ಆಪರೇಟರನ ಬೆರಳಿಗೆ ಎರಡು ಗಂಟು ಸಿಕ್ಕಿರುತ್ತವೆ. ಹರಿದಿತ್ತು ಅಂದುಕೊಂಡಿರುತ್ತಾನೆ.

ಅತ್ತೆ ತನ್ನ ಎಂಬತ್ತನೇ ವಯಸ್ಸಿನ ಹೊತ್ತಿಗೆ ತೀರಿಕೊಂಡಳು. ಜಗಲಿಯ ದೀಪಕ್ಕೆ ಅವಳು ಎಣ್ಣೆ ಹಾಕುವುದನ್ನು ಬಿಟ್ಟು ಬಹಳ ವರ್ಷವಾಗಿತ್ತು. ಮಣ್ಣು ಮಾಡಿ ಬಂದ ಮೇಲೆ ಕುರುಗೋಡಿನ ಮನೆಯ ಪಡಸಾಲೆಯಲ್ಲಿ ನಾನೂ ನೆಗೆಣ್ಣಿಯೂ ಕೂತಿದ್ದೆವು. ಅವಳ ಕೂದಲು ಬೆಳ್ಳಗಾಗತೊಡಗಿತ್ತು, ಕೈಯಲ್ಲಿ ಹಸಿರು ಬಳೆ ಹಾಗೇ ಇದ್ದವು. ಮಾತಾಡುವಾಗ ಕುತ್ತಿಗೆ ಬಲಕ್ಕೆ, ಗೋಡೆಯ ಕಡೆ, ಚೂರು ವಾಲುತ್ತಿತ್ತು.

"ಏನ್ ನೋಡ್ತಿಲೇ ಆ ಕಡಿ?" ಅಂದೆ.

"ನೋಡಾಕ ಏನೈತಕ್ಕ, ಗ್ವಾಡಿ ಐತಿ," ಅಂದಳು.